ಹೊಸ ಕುರ್ಚಿ, ಮೂರು ತಿಂಗಳ ಲೆಕ್ಕ

ಕೆಲಸಕ್ಕೆ ಸೇರುವ ಹಿಂದಿನ ರಾತ್ರಿ ಕೂತು 90 ದಿನಗಳ ಯೋಜನೆ ಬರೆದಿದ್ದೆ. ಮೊದಲ 30 ದಿನ ಕಲಿಯುವುದು, ಆಮೇಲಿನ 30 ದಿನ ಕೈಜೋಡಿಸುವುದು, ಕೊನೆಯ 30 ದಿನ ಸುಧಾರಣೆ ತರುವುದು. ಬಣ್ಣದ ಪೆನ್ನಲ್ಲಿ ಗೆರೆ ಎಳೆದು ನೀಟಾಗಿಯೇ ಮಾಡಿದ್ದೆ. ಎರಡನೇ ವಾರ ಅದನ್ನು ತೆಗೆದು ನೋಡಿದಾಗ ನಗು ಬಂತು. ನನ್ನ ಕೆಲಸಕ್ಕೆ ಸಂಬಂಧಪಟ್ಟ ಒಂದು ಮಾತೂ ಅದರಲ್ಲಿರಲಿಲ್ಲ. ಅದೇ ಹಾಳೆಯನ್ನು ಆಸ್ಪತ್ರೆಗೆ ಸೇರುವ ನರ್ಸೂ ಬರೆಯಬಹುದಿತ್ತು, ಗೋದಾಮಿಗೆ ಸೇರುವ ಮೇಲ್ವಿಚಾರಕರೂ ಬರೆಯಬಹುದಿತ್ತು.

ನಾನು ಸೇರಿದ್ದು ಒಂದು ತಯಾರಿಕಾ ಕಂಪನಿಯ ಅಕೌಂಟ್ಸ್‌ಗೆ, ಸರಬರಾಜುದಾರರ ಬಿಲ್ ಪಾವತಿ ಮಾಡುವ ತಂಡದ ಲೀಡ್ ಆಗಿ. ತಂಡದಲ್ಲಿ ಐದು ಜನ. ಬಿಲ್ ಬರುತ್ತದೆ, ಅದನ್ನು ಪರ್ಚೇಸ್ ಆರ್ಡರ್ ಜೊತೆಗೂ ಸ್ಟೋರ್ಸ್‌ನವರು ಮಾಲು ಬಂದಿದೆ ಎಂದು ಹಾಕಿದ ಎಂಟ್ರಿ ಜೊತೆಗೂ ತಾಳೆ ನೋಡಬೇಕು, ಮೂರೂ ಹೊಂದಿದರೆ ದುಡ್ಡು ಕಳಿಸಬೇಕು. ಹೇಳಲು ಇಷ್ಟೇ. ಇದೇ ಕೆಲಸವನ್ನು ಇನ್ನೊಂದು ಕಡೆ ಆರು ವರ್ಷ ಮಾಡಿದ್ದೆ. ಹಾಗಾಗಿ ಕಲಿಯುವುದು ಹೆಚ್ಚೇನೂ ಇರಲಿಕ್ಕಿಲ್ಲ ಅಂದುಕೊಂಡಿದ್ದೆ. ಆಮೇಲೆ ಆದ ಎಡವಟ್ಟಿನ ಬೇರು ಇದ್ದದ್ದು ಈ ನಂಬಿಕೆಯಲ್ಲೇ.

ಯೋಜನೆಯಲ್ಲಿ ಮೊದಲು ಬದಲಾದದ್ದು ಕ್ಯಾಲೆಂಡರ್. ಅಕೌಂಟ್ಸ್‌ನಲ್ಲಿ ಕಾಲ ಓಡುವುದು ದಿನದ ಲೆಕ್ಕದಲ್ಲಲ್ಲ, ತಿಂಗಳ ಲೆಕ್ಕ ಮುಚ್ಚುವುದರ ಮೇಲೆ. ತಿಂಗಳು ಮುಗಿದ ಮೇಲಿನ ನಾಲ್ಕು ಕೆಲಸದ ದಿನಗಳಲ್ಲಿ ಆ ತಿಂಗಳ ಖರ್ಚೆಲ್ಲ ಕೂಡಿಸಿ, ಲೆಕ್ಕ ಮುಚ್ಚಿ, ಮೇಲಕ್ಕೆ ಕಳಿಸಬೇಕು. ನಾನು ಸೇರಿದ್ದು 10ನೇ ತಾರೀಖು. ಎಣಿಸಿ ನೋಡಿದರೆ 90 ದಿನದಲ್ಲಿ ಸರಿಯಾಗಿ ಮೂರು ಮುಚ್ಚುವಿಕೆ ಸಿಗುತ್ತಿತ್ತು. ಹಳೆಯ ಹಾಳೆ ಹರಿದು ಹೊಸದು ಬರೆದೆ: ಮೊದಲನೆಯದರಲ್ಲಿ ಪಕ್ಕದಲ್ಲಿ ಕೂತು ನೋಡುವುದು, ಎರಡನೆಯದರಲ್ಲಿ ಅವರ ಜೊತೆ ಸೇರಿ ಮಾಡುವುದು, ಮೂರನೆಯದನ್ನು ನನ್ನ ಹೊಣೆಯಲ್ಲಿ ಮುಗಿಸುವುದು. ಜನರನ್ನು ಭೇಟಿ ಮಾಡುವುದನ್ನೆಲ್ಲ ತಿಂಗಳ 8ರಿಂದ 22ರೊಳಗೆ ಇಟ್ಟುಕೊಂಡೆ. ಆ ಅವಧಿ ಬಿಟ್ಟು ಬೇರೆ ದಿನ ಹೋಗಿ "ಒಂದರ್ಧ ಗಂಟೆ ಮಾತಾಡೋಣವಾ" ಅಂದರೆ ಅಕೌಂಟ್ಸ್‌ನವರು ನಿಮ್ಮನ್ನು ನೋಡುವ ನೋಟವೇ ಬೇರೆ.

ಎರಡನೆಯದು ನಿರೀಕ್ಷೆಯ ವಿಷಯ. ಸಂದರ್ಶನದಲ್ಲಿ ಮ್ಯಾನೇಜರ್ ಹೇಳಿದ್ದು, "ಪಾವತಿ ತಡ ಆಗ್ತಿದೆ, ಸರಿ ಮಾಡಬೇಕು" ಅಂತ. ಸೇರಿದ ಮೂರನೇ ದಿನ ಅವರನ್ನೇ ಕೇಳಿದೆ, "ಸರ್, ನನ್ನಿಂದ ನಿಮ್ಮ ನಿರೀಕ್ಷೆ ಏನು?" ಅವರು ನಕ್ಕು, "ತಂಡ ಚೆನ್ನಾಗಿ ನಡೀಬೇಕು, ಅಷ್ಟೇ" ಅಂದರು. ತಪ್ಪು ಅವರದಲ್ಲ. ಹಾಗೆ ಕೇಳಿದರೆ ಯಾರಿಂದಲೂ ಅಂಥದೇ ಉತ್ತರ ಬರುತ್ತದೆ. ಮುಂದಿನ ವಾರ ಬೇರೆ ಥರ ಕೇಳಿದೆ. "ಮೂರು ತಿಂಗಳು ಕಳೆದ ಮೇಲೆ ಏನು ನಡೆದರೆ ನಿಮಗೆ ಇವರನ್ನ ತಗೊಂಡಿದ್ದು ತಪ್ಪಾಯ್ತು ಅನ್ನಿಸುತ್ತೆ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರ ಬಾಯಿಂದ ಬಂದದ್ದರಲ್ಲಿ ಪಾವತಿ ತಡದ ಸುದ್ದಿಯೇ ಇರಲಿಲ್ಲ. "ಲೆಕ್ಕ ಮುಚ್ಚಿ ಮೇಲೆ ಕಳಿಸಿದ ಮೇಲೆ ಯಾವುದೋ ವಿಭಾಗದ ಡ್ರಾಯರ್‌ನಿಂದ ಹಳೇ ಬಿಲ್ ಹೊರಗೆ ಬರುತ್ತಲ್ಲ, ಅದು. ಪ್ರತಿ ತಿಂಗಳೂ ನಾನು ಮೇಲಿನವರ ಎದುರು ನಿಂತು ಲೆಕ್ಕ ಯಾಕೆ ತಪ್ಪಾಯ್ತು ಅಂತ ಹೇಳಬೇಕು. ಅದು ಇನ್ನೂ ನಡೀತಾ ಇದ್ದರೆ ಅನ್ನಿಸುತ್ತೆ."

ಅದಕ್ಕೆ ಹೊಂದಿಕೊಂಡಂತೆ ಇನ್ನೊಂದು ಪ್ರಶ್ನೆ ಕೇಳಿದೆ: ಕೆಟ್ಟ ಸುದ್ದಿ ಇದ್ದರೆ ನಿಮಗೆ ಹೇಗೆ ತಲುಪಿಸಲಿ? "ಬೆಳಗ್ಗೆ ಹತ್ತಕ್ಕೆ ಮುಂಚೆ, ಬಾಯಲ್ಲಿ. ಮೇಲ್‌ನಲ್ಲಿ ಬೇಡ, ಮೇಲ್ ಓದೋ ಹೊತ್ತಿಗೆ ಬೇರೆ ಯಾರಾದರೂ ಹೇಳಿರ್ತಾರೆ." ಈ ಒಂದು ಸಾಲು ಮುಂದೆ ನನ್ನನ್ನು ಕಾಪಾಡಿತು.

ಮೂರನೆಯದು ಜನ. ಯಾರನ್ನು ಭೇಟಿ ಮಾಡಬೇಕು ಎಂದು ನಿರ್ಧರಿಸಲು ಹುದ್ದೆಗಳ ಚಿತ್ರ ಹಿಡಿದುಕೊಂಡು ಕೂತರೆ ಪ್ರಯೋಜನವಿಲ್ಲ ಅನ್ನುವುದು ನನಗೆ ಹಿಂದಿನ ಕೆಲಸದಲ್ಲೇ ಗೊತ್ತಾಗಿತ್ತು. ಅದರಲ್ಲಿ ಕಾಣುವುದು ಯಾರು ಯಾರಿಗೆ ವರದಿ ಮಾಡುತ್ತಾರೆ ಎಂಬುದು, ಕೆಲಸ ಯಾರ ಕೈಯಲ್ಲಿ ನಿಲ್ಲುತ್ತದೆ ಎಂಬುದಲ್ಲ. ಅದಕ್ಕೇ ಪಾವತಿಯಾದ ಬಿಲ್‌ಗಳ ಫೈಲಿನಿಂದ ಕಣ್ಣುಮುಚ್ಚಿ ಒಂದನ್ನು ಎಳೆದೆ. ಬೇರಿಂಗ್ ಸರಬರಾಜಿನ ಬಿಲ್. ಅದು ಗೇಟಿಗೆ ಬಂದ ದಿನದಿಂದ ಬ್ಯಾಂಕಿನಿಂದ ದುಡ್ಡು ಹೋದ ದಿನದವರೆಗೆ ಯಾರ ಯಾರ ಕೈ ದಾಟಿತು ಎಂದು ಬರೆಯುತ್ತ ಹೋದೆ. 23 ದಿನ, ಏಳು ಕೈ. ಆ ಏಳೂ ಜನ ಅದರ ಮೇಲೆ ನಿಜವಾಗಿ ಕೆಲಸ ಮಾಡಿದ ಹೊತ್ತು ಎಲ್ಲ ಸೇರಿಸಿದರೆ ಒಂದು ಗಂಟೆಯೂ ಆಗುತ್ತಿರಲಿಲ್ಲ. ಉಳಿದದ್ದೆಲ್ಲ ಕಾಯುವಿಕೆ. ಅದರಲ್ಲಿ ಒಂಬತ್ತು ದಿನ ಒಂದೇ ಜಾಗದಲ್ಲಿ: ಸ್ಟೋರ್ಸ್.

ಆ ಏಳು ಜನರೇ ನನ್ನ ಪಟ್ಟಿಯಾದರು. ಒಬ್ಬೊಬ್ಬರ ಬಳಿಗೂ ಆ ಬಿಲ್ಲಿನ ನಕಲು ಹಿಡಿದುಕೊಂಡೇ ಹೋದೆ. ಖಾಲಿ ಕೈಯಲ್ಲಿ ಹೋಗಿ "ಪರಿಚಯ ಮಾಡಿಕೊಳ್ಳೋಣ ಅಂತ ಬಂದೆ" ಅಂದರೆ ಎರಡು ನಿಮಿಷ ಹವಾಮಾನದ ಮಾತಾಡಿ ಎದ್ದು ಬರಬೇಕಾಗುತ್ತದೆ. ಕೈಯಲ್ಲಿ ಅವರದೇ ಸಹಿ ಇರುವ ಕಾಗದವಿದ್ದರೆ ಮಾತು ತಾನಾಗಿ ಶುರುವಾಗುತ್ತದೆ.

ಸ್ಟೋರ್ಸ್‌ನವರ ಬಳಿ ಹೋಗುವಾಗ ಮನಸ್ಸಿನಲ್ಲಿ ಒಂದು ತೀರ್ಪು ಆಗಲೇ ಇತ್ತು: ಒಂಬತ್ತು ದಿನ ಅಂದರೆ ಸೋಮಾರಿತನ. ಹಾಗೆಂದು ಹೇಳಲಿಲ್ಲ, ಪುಣ್ಯ. "ಈ ಬಿಲ್ ನಿಮ್ಮ ಹತ್ತಿರ ಬಂದಾಗ ಏನೇನು ಆಗುತ್ತೆ, ಒಮ್ಮೆ ತೋರಿಸ್ತೀರಾ?" ಎಂದಷ್ಟೇ ಕೇಳಿದೆ. ಅವರು ರ‍್ಯಾಕ್‌ಗಳ ನಡುವೆ ನನ್ನನ್ನು ಕರೆದುಕೊಂಡು ಹೋಗಿ ಹಳದಿ ಚೀಟಿ ಅಂಟಿಸಿದ ಪೆಟ್ಟಿಗೆಗಳ ಸಾಲು ತೋರಿಸಿದರು. "ಇವೆಲ್ಲ ಕ್ವಾಲಿಟಿಯವರು ಇನ್ನೂ ನೋಡಬೇಕು ಮೇಡಂ. ಅವರು ಓಕೆ ಅನ್ನೋವರೆಗೂ ನಾನು ಎಂಟ್ರಿ ಹಾಕಲ್ಲ. ಒಮ್ಮೆ ಬಂದ ದಿನವೇ ಹಾಕಿದ್ದೆ. ಮಾಲು ರಿಜೆಕ್ಟ್ ಆಯ್ತು, ಅಷ್ಟರಲ್ಲಿ ನಿಮ್ಮವರು ದುಡ್ಡು ಕಳಿಸಿಬಿಟ್ಟಿದ್ದರು. ಬೈಸಿಕೊಂಡವನು ನಾನು."

ಅಂದರೆ ತಡ ಆಗುತ್ತಿದ್ದುದು ಸ್ಟೋರ್ಸ್‌ನಲ್ಲಲ್ಲ. ಮಾಲು ಬಂದಿದೆ ಅನ್ನುವುದಕ್ಕೂ ಮಾಲು ಒಪ್ಪಿಗೆಯಾಗಿದೆ ಅನ್ನುವುದಕ್ಕೂ ನಮ್ಮಲ್ಲಿ ಒಂದೇ ಎಂಟ್ರಿ ಇತ್ತು. ಅವರು ಹಿಂದೆ ಸುಟ್ಟುಕೊಂಡವರು, ಅದಕ್ಕೇ ಕಾಯುತ್ತಿದ್ದರು. ಸಿಸ್ಟಂನಲ್ಲಿ ಎರಡನ್ನೂ ಬೇರೆ ಮಾಡುವುದು ನನ್ನ ಕೈಲಾಗುವ ಕೆಲಸವಲ್ಲ, 90 ದಿನದಲ್ಲಿ ಆಗುವಂಥದ್ದೂ ಅಲ್ಲ. ಬರೆದಿಟ್ಟುಕೊಂಡು ಬಿಟ್ಟೆ.

ಇಲ್ಲಿ ಒಂದು ಸಣ್ಣ ಅಭ್ಯಾಸದ ಬಗ್ಗೆ ಹೇಳಬೇಕು. ಹೊಸಬರಾಗಿ ಹೋದಾಗ ಎಲ್ಲರಿಗೂ "ನೋಡ್ತೀನಿ", "ವಿಚಾರಿಸಿ ಹೇಳ್ತೀನಿ" ಎನ್ನುತ್ತಲೇ ಇರುತ್ತೇವೆ. ನಮಗೆ ಅದು ಸೌಜನ್ಯದ ಮಾತು, ಕೇಳಿಸಿಕೊಂಡವರಿಗೆ ಕೊಟ್ಟ ಮಾತು. ಮೊದಲ ದಿನದಿಂದಲೇ ಒಂದು ಪುಟದಲ್ಲಿ ಯಾರಿಗೆ, ಏನು, ಯಾವಾಗ ಅಂತ ಗುರುತು ಹಾಕುತ್ತಿದ್ದೆ. ಎರಡು ವಾರಕ್ಕೆ ಎಣಿಸಿದರೆ 21 ಮಾತು ಕೊಟ್ಟಿದ್ದೆ, 12 ಮಾತ್ರ ಉಳಿಸಿಕೊಂಡಿದ್ದೆ. ಉಳಿದ ಒಂಬತ್ತು ಜನರ ಬಳಿಗೂ ಹೋಗಿ, ನಾಲ್ಕನ್ನು ಯಾವ ದಿನ ಮಾಡುತ್ತೇನೆಂದು ಹೇಳಿದೆ, ಐದು ನನ್ನಿಂದ ಆಗುವುದಿಲ್ಲ ಎಂದೆ. ಆಗುವುದಿಲ್ಲ ಅಂದದ್ದಕ್ಕೆ ಒಬ್ಬರೂ ಬೇಜಾರಾಗಲಿಲ್ಲ. ಪರ್ಚೇಸ್‌ನ ಒಬ್ಬರಂತೂ, "ವಾಪಸ್ ಬಂದು ಹೇಳಿದ್ರಲ್ಲ, ಅಷ್ಟು ಸಾಕು" ಅಂದರು. ಮೂರನೇ ವಾರದಿಂದ "ನೋಡ್ತೀನಿ" ಅನ್ನುವ ಪದವನ್ನೇ ಬಿಟ್ಟೆ.

ಮೊದಲ ಮುಚ್ಚುವಿಕೆ ಬಂತು. ಯೋಜನೆಯಂತೆ ಕೈ ಕಟ್ಟಿಕೊಂಡು ನೋಡಿದೆ. ಅದು ಹೇಳಿದಷ್ಟು ಸುಲಭವಲ್ಲ, ಎರಡನೇ ದಿನ ಸಂಜೆ ಕೀಬೋರ್ಡ್ ಕಿತ್ತುಕೊಳ್ಳಬೇಕು ಅನ್ನಿಸಿತ್ತು. ಮುಚ್ಚಿದ ಮೇಲಿನ ಕೆಲವೇ ದಿನಗಳಲ್ಲಿ ಹಿಂದಿನ ತಿಂಗಳಿಗೆ ಸೇರಬೇಕಿದ್ದ 14 ಬಿಲ್ ತಡವಾಗಿ ಬಂದವು. ಆ 14ನ್ನು ಸಾಲಾಗಿ ಇಟ್ಟು ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮಾಲಿನ ಬಿಲ್ ಎರಡೇ. ಉಳಿದ ಹನ್ನೆರಡೂ ಸೇವೆಯ ಬಿಲ್‌ಗಳು: ಯಂತ್ರದ ದುರಸ್ತಿ, ಸಾಗಣೆ, ಸೆಕ್ಯುರಿಟಿ. ಮಾಲಾದರೆ ಸ್ಟೋರ್ಸ್ ಎಂಟ್ರಿ ಇರುತ್ತದೆ, ಬಿಲ್ ಬರದಿದ್ದರೂ ಖರ್ಚು ಗೊತ್ತಾಗುತ್ತದೆ. ನಮ್ಮಲ್ಲಿ ಸೇವೆಗೆ ಪರ್ಚೇಸ್ ಆರ್ಡರ್ ಇಲ್ಲ, ಸ್ಟೋರ್ಸ್ ಎಂಟ್ರಿ ಇಲ್ಲ. ಕೆಲಸ ಮಾಡಿಸಿಕೊಂಡವರು ಬಾಯಿಬಿಟ್ಟು ಹೇಳದಿದ್ದರೆ ಅಕೌಂಟ್ಸ್‌ಗೆ ತಿಳಿಯುವ ದಾರಿಯೇ ಇಲ್ಲ. ತಿಳಿದರೆ ಅಂದಾಜು ಮೊತ್ತಕ್ಕೆ ಪ್ರಾವಿಷನ್ ಹಾಕಿ ಆ ತಿಂಗಳಲ್ಲೇ ಖರ್ಚು ತೋರಿಸಬಹುದು.

ಇದನ್ನೇ ಒಂದು ಪುಟದಲ್ಲಿ ಬರೆದು 30ನೇ ದಿನ ಮ್ಯಾನೇಜರ್ ಮುಂದಿಟ್ಟೆ. ಮೇಲ್ಭಾಗದಲ್ಲಿ "ನನ್ನಿಂದ ಬಯಸುತ್ತಿರುವುದು ಎಂದು ನಾನು ತಿಳಿದಿರುವುದು" ಅಂತ ಐದು ಸಾಲು, ಕೆಳಗೆ ಮುಂದಿನ ಎರಡು ತಿಂಗಳು ನಾನು ಹಿಡಿಯುವ ಒಂದೇ ಕೆಲಸ: ತಡವಾಗಿ ಬರುವ ಸೇವೆಯ ಬಿಲ್. ಪೆನ್ ತೆಗೆದುಕೊಂಡು ತಿದ್ದಿ ಎಂದೆ. ಐದರಲ್ಲಿ ಎರಡು ಸಾಲು ಹೊಡೆದು ಹಾಕಿದರು. ತಂಡದ ತರಬೇತಿ ಯೋಜನೆ ಬೇಕೆಂದು ನಾನು ಅಂದುಕೊಂಡಿದ್ದೆ, ಅವರಿಗೆ ಬೇಕಿರಲಿಲ್ಲ. ಸ್ಟೋರ್ಸ್‌ನವರ ಜೊತೆ ಜಗಳ ಬಗೆಹರಿಸಬೇಕು ಎಂದುಕೊಂಡಿದ್ದೆ, "ಅಲ್ಲಿ ಜಗಳ ಏನಿದೆ?" ಅಂದರು. ಈ ಎರಡಕ್ಕೆ ಎಷ್ಟು ವಾರ ಸುರಿಯುತ್ತಿದ್ದೆನೋ. ಪುಟ ಬರೆದಿರದಿದ್ದರೆ ಆ ತಪ್ಪು ತಿಳುವಳಿಕೆ ನನ್ನ ತಲೆಯೊಳಗೇ ಉಳಿದಿರುತ್ತಿತ್ತು.

ಇಲ್ಲಿಯವರೆಗೆ ಎಲ್ಲ ಸರಿಯಾಗಿ ನಡೆದಿತ್ತು. ಈಗ ತಂಡದ ಹಿರಿಯರ ವಿಷಯ.

ನಾನು ಕೂತ ಕುರ್ಚಿಗೆ ಅವರೂ ಅರ್ಜಿ ಹಾಕಿದ್ದರು. ಹನ್ನೊಂದು ವರ್ಷದಿಂದ ಅಲ್ಲೇ ಇದ್ದವರು. ಇದು ನನಗೆ ಎರಡನೇ ವಾರ ಬೇರೆಯವರಿಂದ ತಿಳಿಯಿತು. ಮಾತಿನಲ್ಲಿ ಒಂದಿಷ್ಟೂ ಕೊರತೆಯಿರಲಿಲ್ಲ, "ಹೌದು ಮೇಡಂ", "ಆಯ್ತು ಮೇಡಂ", ಅದಕ್ಕಿಂತ ಒಂದು ಪದ ಹೆಚ್ಚಿಲ್ಲ. ಆ ವಿಷಯ ಎತ್ತಬೇಕೋ ಬೇಡವೋ ಎಂದು ಬಹಳ ಯೋಚಿಸಿ, ಎತ್ತದೇ ಬಿಟ್ಟೆ. ಸಮಾಧಾನ ಹೇಳಲು ನಾನು ಯಾರು ಅನ್ನಿಸಿತು. ಇವತ್ತಿಗೂ ಅದು ಸರಿಯೇ ಅಂದುಕೊಂಡಿದ್ದೇನೆ. ತಪ್ಪಾದದ್ದು ಬೇರೆ ಕಡೆ.

ಅವರ ಬಳಿ ಉದ್ದನೆಯ ಒಂದು ರಿಜಿಸ್ಟರ್ ಇತ್ತು. ಪರ್ಚೇಸ್ ಆರ್ಡರ್ ಇಲ್ಲದ ಪ್ರತಿ ಬಿಲ್ಲನ್ನೂ ಅದರಲ್ಲಿ ಕೈಯಲ್ಲಿ ಬರೆದು, ಹಳೆಯ ಪುಟ ತಿರುವಿ ನೋಡಿ, ಆಮೇಲೆ ಬಿಲ್ ಮೇಲೆ ಹಸಿರು ಶಾಯಿಯಲ್ಲಿ ಒಂದು ಟಿಕ್ ಹಾಕುತ್ತಿದ್ದರು. ಟಿಕ್ ಬೀಳುವ ತನಕ ಬೇರೆಯವರು ಸಿಸ್ಟಂನಲ್ಲಿ ಹಾಕುವಂತಿಲ್ಲ. ದಿನಾ ಬೆಳಗ್ಗೆ ಮುಕ್ಕಾಲು ಗಂಟೆ ಇದರಲ್ಲೇ ಹೋಗುತ್ತಿತ್ತು. "ಇದು ಯಾಕೆ?" ಎಂದು ಕೇಳಿದೆ. "ಮೊದಲಿಂದ ಇದೆ ಮೇಡಂ. ಒಂದೇ ಬಿಲ್ ಎರಡು ಸಲ ಆಗಬಾರದು ಅಂತ" ಅಂದರು.

ಒಂದೇ ಬಿಲ್ ಎರಡು ಸಲ ಬಂದರೆ ಸಿಸ್ಟಮ್ಮೇ ಹಿಡಿಯುತ್ತದಲ್ಲ ಎಂದು ನನ್ನ ವಾದ. ಸುಮ್ಮನೆ ಹೇಳಿದ್ದಲ್ಲ, ಪರೀಕ್ಷೆಯನ್ನೂ ಮಾಡಿದ್ದೆ. ಪಾವತಿಯಾದ ಒಂದು ಬಿಲ್ಲಿನ ನಂಬರನ್ನು ಮತ್ತೆ ಹಾಕಿ ನೋಡಿದೆ. ಕೆಂಪಕ್ಷರದಲ್ಲಿ ತಡೆಯಿತು. ಅಲ್ಲಿಗೆ ನನಗೆ ಸಾಕಾಯಿತು. ಐದನೇ ವಾರ ರಿಜಿಸ್ಟರ್ ನಿಲ್ಲಿಸೋಣ ಎಂದೆ. "ಆಯ್ತು ಮೇಡಂ" ಅಂದರು, ಮುಚ್ಚಿ ಬೀರುವಿನಲ್ಲಿ ಇಟ್ಟರು. ಮುಕ್ಕಾಲು ಗಂಟೆ ಉಳಿಸಿದೆನೆಂದು ಒಳಗೊಳಗೇ ಖುಷಿಪಟ್ಟೆ.

ಎರಡನೇ ಮುಚ್ಚುವಿಕೆಯ ಹೊತ್ತಿಗೆ ಸೇವೆಯ ಬಿಲ್‌ಗಳ ಕೆಲಸ ಶುರು ಮಾಡಿದ್ದೆ. ಹಿಂದೆ ಪ್ರತಿ ತಿಂಗಳ 28ಕ್ಕೆ ಎಲ್ಲ ವಿಭಾಗಗಳಿಗೂ ಒಂದು ಸಾಮಾನ್ಯ ಮೇಲ್ ಹೋಗುತ್ತಿತ್ತು, ಬಾಕಿ ಖರ್ಚಿದ್ದರೆ ತಿಳಿಸಿ ಅಂತ. ಎಲ್ಲರಿಗೂ ಬರೆದದ್ದು ಯಾರಿಗೂ ಬರೆದದ್ದಲ್ಲ, ಉತ್ತರವೇ ಬರುತ್ತಿರಲಿಲ್ಲ. ನಾನು ಆರು ವಿಭಾಗದ ಮುಖ್ಯಸ್ಥರಿಗೆ ಬೇರೆ ಬೇರೆಯಾಗಿ 24ನೇ ತಾರೀಖೇ ಕಳಿಸಿದೆ. ಖಾಲಿ ಫಾರಂ ಅಲ್ಲ. ಅವರ ವಿಭಾಗದಲ್ಲಿ ಹಿಂದಿನ ಮೂರು ತಿಂಗಳು ಬಂದ ಬಿಲ್‌ಗಳನ್ನು ನಾನೇ ತುಂಬಿಸಿ, "ಈ ತಿಂಗಳೂ ಕೆಲಸ ನಡೆದಿದೆಯೇ" ಎಂಬುದರ ಎದುರು ಹೌದು, ಇಲ್ಲ ಅಷ್ಟೇ ಬರೆಯುವಂತೆ. ಇಬ್ಬರು ಅವತ್ತೇ ಕಳಿಸಿದರು, ಮೂವರಿಗೆ ಫೋನ್ ಮಾಡಬೇಕಾಯಿತು, ಒಬ್ಬರು ಕೊಡಲೇ ಇಲ್ಲ. ತಡವಾದ ಬಿಲ್ 14ರಿಂದ ಒಂಬತ್ತಕ್ಕೆ ಇಳಿಯಿತು. ಪರವಾಗಿಲ್ಲ, ಆದರೆ ನಾನು ಅಂದುಕೊಂಡಷ್ಟಲ್ಲ. ಪಟ್ಟಿಯೇ ಅರೆಬರೆಯಾಗಿತ್ತು. ವರ್ಷಕ್ಕೆ ಎರಡು ಸಲ ಮಾತ್ರ ಬರುವ ಬಿಲ್, ಹೆಸರು ಬದಲಾಯಿಸಿಕೊಂಡ ಗುತ್ತಿಗೆದಾರರ ಬಿಲ್, ಇವೆಲ್ಲ ಮೂರು ತಿಂಗಳ ಹಿಂದಿನದನ್ನಷ್ಟೇ ನೋಡಿದರೆ ಸಿಗುವಂಥವಲ್ಲ.

ಆ ಒಂಬತ್ತನ್ನು ಎಣಿಸುತ್ತ ಕೂತಿದ್ದಾಗಲೇ ಒಂದು ಫೋನ್ ಬಂತು. ದುರಸ್ತಿ ಗುತ್ತಿಗೆದಾರರ ಲೆಕ್ಕ ನೋಡುವವರು. "ಮೇಡಂ, ನಮ್ಮ ಸ್ಟೇಟ್‌ಮೆಂಟ್‌ನಲ್ಲಿ ನಿಮ್ಮಿಂದ ಹೆಚ್ಚು ದುಡ್ಡು ಬಂದಿದೆ."

ಎರಡೂ ಕಾಗದ ತೆಗೆಸಿ ಪಕ್ಕಪಕ್ಕ ಇಟ್ಟೆ. ಬಿಲ್ ಒಂದೇ. ಮೊದಲು ಮೇಲ್‌ನಲ್ಲಿ ಸ್ಕ್ಯಾನ್ ಬಂದಿತ್ತು, ನಮ್ಮಲ್ಲಿ ಒಬ್ಬರು ಹೀಗೆ ಹಾಕಿದ್ದರು: `INV-0457`. ಹತ್ತು ದಿನ ಬಿಟ್ಟು ಮೂಲ ಕಾಗದ ಅಂಚೆಯಲ್ಲಿ ಬಂತು, ಇನ್ನೊಬ್ಬರು ಹೀಗೆ ಹಾಕಿದರು: `INV0457`. ನಡುವೆ ಒಂದು ಗೆರೆ ಇಲ್ಲ, ಅಷ್ಟೇ ವ್ಯತ್ಯಾಸ. ನಮ್ಮ ಸಿಸ್ಟಂ ನಂಬರನ್ನು ಅಕ್ಷರಕ್ಕೆ ಅಕ್ಷರ ಹೋಲಿಸುತ್ತಿತ್ತು, ಅದರ ಲೆಕ್ಕಕ್ಕೆ ಇವು ಎರಡು ಬಿಲ್. ನನ್ನ ಪರೀಕ್ಷೆಯಲ್ಲಿ ಅದೇ ನಂಬರನ್ನು ಅದೇ ರೀತಿ ಹಾಕಿದ್ದೆ, ಬೇರೆ ರೀತಿ ಹಾಕಿ ನೋಡಿರಲಿಲ್ಲ. ಮಾಲಿನ ಬಿಲ್ ಆಗಿದ್ದರೆ ಸ್ಟೋರ್ಸ್ ಎಂಟ್ರಿಯ ಪ್ರಮಾಣ ಮುಗಿದಿದೆ ಎಂದು ಅಲ್ಲಾದರೂ ನಿಲ್ಲುತ್ತಿತ್ತು. ಇದು ಸೇವೆಯ ಬಿಲ್, ಆ ಬೇಲಿಯೂ ಇರಲಿಲ್ಲ. ಒಪ್ಪಿಗೆ ಕೊಡುವ ವಿಭಾಗದ ಮುಖ್ಯಸ್ಥರಿಗೆ ತಿಂಗಳು ತಿಂಗಳೂ ಅಷ್ಟೇ ಮೊತ್ತದ ಬಿಲ್ ಬರುತ್ತದೆ, ಅವರು ಎರಡಕ್ಕೂ ಸಹಿ ಹಾಕಿದ್ದರು.

ಆಗ ಸಂಜೆ ಆರೂವರೆ. ಮರುದಿನ ಬೆಳಗ್ಗೆ ಒಂಬತ್ತೂಕಾಲಿಗೆ ಮ್ಯಾನೇಜರ್ ಕೋಣೆಯಲ್ಲಿದ್ದೆ. ಏನಾಯಿತು, ಎಷ್ಟು ಮೊತ್ತ, ಹೇಗೆ ವಾಪಸ್ ಬರುತ್ತದೆ ಎಂದು ಹೇಳಿದೆ. ಗುತ್ತಿಗೆದಾರರು ಮುಂದಿನ ಬಿಲ್‌ನಲ್ಲಿ ಮುರಿದುಕೊಳ್ಳಲು ಒಪ್ಪಿದ್ದರು. "ರಿಜಿಸ್ಟರ್ ನಿಲ್ಲಿಸಿದ್ದು ನಾನು" ಎಂದೂ ಹೇಳಿದೆ. ಅವರು ಕೇಳಿದ್ದು ಒಂದೇ, "ಇಂಥದ್ದು ಇನ್ನೂ ಎಷ್ಟಿದೆ?" ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಅದನ್ನು ಆ ರಾತ್ರಿಯೇ ನೋಡಬೇಕಿತ್ತು. ಮಧ್ಯಾಹ್ನದೊಳಗೆ ಹೇಳುತ್ತೇನೆ ಎಂದು ಬಂದೆ.

ನೇರ ಹಿರಿಯರ ಮೇಜಿಗೆ ಹೋದೆ. "ರಿಜಿಸ್ಟರ್ ನಿಲ್ಲಿಸಿದ್ದು ನನ್ನ ತಪ್ಪು. ನಿಲ್ಲಿಸಿದ ದಿನದಿಂದ ಬಂದ ಎಲ್ಲ ಬಿಲ್ ನೋಡಬೇಕು, ಹೇಗೆ ನೋಡೋದು ಅಂತ ನೀವೇ ಹೇಳಬೇಕು" ಎಂದೆ. ಉಳಿದ ನಾಲ್ವರೂ ಅಲ್ಲೇ ಇದ್ದರು, ಕೇಳಿಸಿಕೊಳ್ಳಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಅವರು ಬೀರು ತೆಗೆದು ರಿಜಿಸ್ಟರ್ ತಂದರು. ಆಗಲೇ ನಾನು ಅದನ್ನು ಮೊದಲ ಸಲ ಸರಿಯಾಗಿ ಓದಿದ್ದು. ಬಿಲ್ ನಂಬರಿನ ಅಕ್ಷರ, ಗೆರೆ, ಮುಂದಿನ ಸೊನ್ನೆ ಎಲ್ಲ ಬಿಟ್ಟು ಬರೀ ಅಂಕಿ ಬರೆದಿದ್ದರು: `457`. ಪಕ್ಕದಲ್ಲಿ ಮೊತ್ತ, ಯಾವ ಯಂತ್ರ, ಯಾವ ತಿಂಗಳ ಕೆಲಸ. ಸಿಸ್ಟಂ ನೋಡದೇ ಇದ್ದದ್ದನ್ನೆಲ್ಲ ಅದು ನೋಡುತ್ತಿತ್ತು.

ನಾವಿಬ್ಬರೂ ಸೇರಿ ಮೂರು ವಾರದ ಬಿಲ್‌ಗಳನ್ನು ಆ ಲೆಕ್ಕದಲ್ಲಿ ಎಕ್ಸೆಲ್‌ಗೆ ಹಾಕಿದೆವು: ಅದೇ ಸರಬರಾಜುದಾರ, ಅದೇ ಅಂಕಿ ಇಲ್ಲವೇ ಅದೇ ಮೊತ್ತ, ಎರಡು ತಿಂಗಳ ಒಳಗೆ. ಇನ್ನೊಂದು ಸಿಕ್ಕಿತು, ಪಾವತಿಗೆ ಹೋಗುವ ಪಟ್ಟಿಯಲ್ಲಿತ್ತು, ತಡೆದೆವು. ಹನ್ನೆರಡೂವರೆಗೆ ಮ್ಯಾನೇಜರ್‌ಗೆ ಹೇಳಿದೆ: ಒಟ್ಟು ಎರಡು, ಒಂದು ಹೋಗಿದೆ, ಒಂದು ನಿಂತಿದೆ.

ಸಂಜೆ ಹೊರಡುವಾಗ ಹಿರಿಯರನ್ನು ಕೇಳಿದೆ, "ಅವತ್ತು ಇದನ್ನೆಲ್ಲ ಯಾಕೆ ಹೇಳಲಿಲ್ಲ ನೀವು?" ಅವರು ಬ್ಯಾಗ್ ಮುಚ್ಚುತ್ತಲೇ ಹೇಳಿದರು, "ನೀವು ಕೇಳಿದ್ದು ನಿಲ್ಲಿಸೋಕೆ ಅಂತ ಗೊತ್ತಾಯ್ತು ಮೇಡಂ. ತಿಳ್ಕೊಳ್ಳೋಕೆ ಅಂತ ಅನ್ನಿಸಲಿಲ್ಲ."

ಸ್ಟೋರ್ಸ್‌ನವರ ಬಳಿ "ಒಮ್ಮೆ ತೋರಿಸ್ತೀರಾ" ಎಂದು ಕೇಳಿದವಳು ನಾನೇ. ನನ್ನದೇ ತಂಡದಲ್ಲಿ, ಎರಡು ಮೇಜು ಆಚೆ ಕೂತವರ ಹತ್ತಿರ "ಇದು ಯಾಕೆ" ಎಂದು ಕೇಳಿದ್ದೆ. ಹೊರಗಿನವರ ಬಳಿ ಹೋಗುವಾಗ ಹೊಸಬಳಾಗಿದ್ದೆ, ತಂಡದೊಳಗೆ ಮೊದಲ ದಿನದಿಂದಲೇ ಲೀಡ್ ಆಗಿಬಿಟ್ಟಿದ್ದೆ. ಯೋಜನೆಯಲ್ಲಿ ಹೊರಗಿನ ಏಳು ಜನರ ಜೊತೆ ಕೂರಲು ಸಮಯ ಇಟ್ಟಿದ್ದೆ, ಸ್ವಂತ ತಂಡದ ಐದು ಜನರ ಜೊತೆ ಕೂತು ಅವರ ಕೆಲಸವನ್ನು ಕಣ್ಣಾರೆ ನೋಡಲು ಒಂದು ದಿನವೂ ಇಟ್ಟಿರಲಿಲ್ಲ. 60ನೇ ದಿನ ಆ ಸಾಲು ಸೇರಿಸಿದೆ. ಒಬ್ಬೊಬ್ಬರ ಪಕ್ಕ ಅರ್ಧ ದಿನ, ಕೈಯಲ್ಲಿ ಪೆನ್ ಇಲ್ಲದೆ. ಪೆನ್ ಹಿಡಿದು ಕೂತರೆ ಜನ ನಿಯಮದ ಪ್ರಕಾರ ಕೆಲಸ ಮಾಡಿ ತೋರಿಸುತ್ತಾರೆ, ದಿನಾ ಮಾಡುವ ಹಾಗೆ ಅಲ್ಲ.

ರಿಜಿಸ್ಟರ್ ಮತ್ತೆ ಶುರುವಾಯಿತು, ಆದರೆ ಎಕ್ಸೆಲ್‌ನಲ್ಲಿ, ಅವರದೇ ಕಾಲಂಗಳೊಂದಿಗೆ. ಮುಕ್ಕಾಲು ಗಂಟೆ ಹತ್ತು ನಿಮಿಷಕ್ಕಿಳಿಯಿತು. ನನಗೆ ಮೊದಲು ಬೇಕಾಗಿದ್ದದ್ದೂ ಇದೇ ಅಲ್ಲವೇ.

ಅದಕ್ಕಿಂತ ದೊಡ್ಡದು ನಾನು ನಿರೀಕ್ಷಿಸದೇ ಸಿಕ್ಕಿತು. ಮೂರನೇ ಮುಚ್ಚುವಿಕೆಗೆ ವಿಭಾಗಗಳಿಗೆ ಕಳಿಸುವ ಪಟ್ಟಿ ತಯಾರಿಸುತ್ತಿದ್ದೆ. ಹಿರಿಯರು ಬಂದು ಸ್ಕ್ರೀನ್ ನೋಡಿ, "ಲ್ಯಾಬ್‌ನವರ ಬಿಲ್ ಆರು ತಿಂಗಳಿಗೊಮ್ಮೆ, ಈ ತಿಂಗಳು ಬರಬೇಕು, ಇದರಲ್ಲಿಲ್ಲ" ಅಂದರು. ಹೇಗೆ ಗೊತ್ತು ಎಂದರೆ ಹಳೆಯ ರಿಜಿಸ್ಟರ್ ಬಿಡಿಸಿ ತೋರಿಸಿದರು. ನಾಲ್ಕು ವರ್ಷದ ಸೇವೆಯ ಬಿಲ್‌ಗಳು, ತಿಂಗಳ ಪ್ರಕಾರ, ಯಾರು ಹೆಸರು ಬದಲಾಯಿಸಿದ್ದಾರೆ ಎಂಬ ಟಿಪ್ಪಣಿ ಸಮೇತ. ಎರಡು ತಿಂಗಳಿಂದ ನಾನು ಸಿಸ್ಟಂನಿಂದ ಹಿಂಡಿ ತೆಗೆಯಲು ಒದ್ದಾಡುತ್ತಿದ್ದ ಪಟ್ಟಿ ನಾನೇ ಬೀರುವಿಗೆ ಕಳಿಸಿದ್ದ ಪುಸ್ತಕದಲ್ಲಿತ್ತು.

ಅದರಿಂದ ಪಟ್ಟಿ ಮಾಡಿದೆವು. ಮೇಲ್ ಹೋದದ್ದು ಇಬ್ಬರ ಹೆಸರಿನಲ್ಲೂ. ಕಳೆದ ಸಲ ಉತ್ತರವನ್ನೇ ಕೊಡದ ವಿಭಾಗದವರಿಗೆ ಫೋನ್ ಮಾಡಿದ್ದು ಅವರು, ಹನ್ನೊಂದು ವರ್ಷದ ಸಲಿಗೆ ಇತ್ತು, ಐದು ನಿಮಿಷದಲ್ಲಿ ಮುಗಿಯಿತು. ಆ ಸಲ ಲೆಕ್ಕ ಮುಚ್ಚಿದ್ದು ನನ್ನ ಹೊಣೆಯಲ್ಲಿ. ಮುಚ್ಚಿದ ಮೇಲೆ ತಡವಾಗಿ ಬಂದದ್ದು ಮೂರು ಬಿಲ್. ಅದರಲ್ಲಿ ಒಂದು, ತಿಂಗಳ ಕೊನೆಯ ರಾತ್ರಿ ಕೆಟ್ಟ ಯಂತ್ರದ್ದು, ಅದನ್ನು ಯಾವ ಪಟ್ಟಿಯೂ ಹಿಡಿಯುತ್ತಿರಲಿಲ್ಲ. ಸ್ಟೋರ್ಸ್‌ನ ಒಂಬತ್ತು ದಿನ ಮಾತ್ರ ಹಾಗೇ ಉಳಿದಿತ್ತು.

90ನೇ ದಿನದ ಮಾತುಕತೆ ಹದಿನೈದು ನಿಮಿಷವೂ ನಡೆಯಲಿಲ್ಲ. ಮ್ಯಾನೇಜರ್ ಹಳೆಯ ಪುಟ ತೆಗೆದು, ತಾವೇ ಹೊಡೆದು ಹಾಕಿದ್ದ ಸ್ಟೋರ್ಸ್ ಸಾಲಿನ ಮೇಲೆ ಬೆರಳಿಟ್ಟು, "ಈಗ ಇದನ್ನ ನೋಡಬಹುದು. ಎಂಟ್ರಿ ಎರಡಾಗಿ ಒಡೆಯೋದಕ್ಕೆ ಸಿಸ್ಟಂನವರ ಜೊತೆ ನಾನು ಮಾತಾಡ್ತೀನಿ" ಅಂದರು.

ಮೇಜಿಗೆ ವಾಪಸ್ ಬಂದಾಗ ಹಿರಿಯರು ಸಾಗಣೆ ಬಿಲ್‌ಗಳನ್ನು ಎರಡು ಗುಂಪು ಮಾಡುತ್ತಿದ್ದರು. ಒಂದಕ್ಕೆ ಕ್ಲಿಪ್, ಇನ್ನೊಂದಕ್ಕೆ ದಾರ. ಅದನ್ನು ಎರಡು ವಾರದಿಂದ ನೋಡುತ್ತಿದ್ದೆ, ಅರ್ಥವಾಗಿರಲಿಲ್ಲ. "ಇದನ್ನ ಹೇಗೆ ಬೇರೆ ಮಾಡ್ತೀರಿ, ನನಗೊಮ್ಮೆ ತೋರಿಸ್ತೀರಾ?" ಎಂದೆ.

ಮೊದಲಿಂದ ಇದೆ ಅನ್ನಲಿಲ್ಲ. ಪಕ್ಕದ ಕುರ್ಚಿ ನನ್ನ ಕಡೆ ಎಳೆದರು, ದಾರ ಬಿಚ್ಚಿದರು.